ಕರೆಯದ ಹೆಸರುಗಳ ಬಗ್ಗೆ ಒಂದು ಸಾಲು

ಅಥವಾ ನಾನು ಮಾತನಾಡಿಸಿದವರು ಹತ್ತೊಂಬತ್ತು ಮಂದಿ ಇದ್ದರೇನೋ. ಪ್ರಬಂಧದಲ್ಲಿ ಹದಿನೆಂಟು ಎಂದಿದೆ, ಬರೆದವನು ನಾನೇ. ನೆನಪನ್ನು ನಂಬುವುದಾದರೆ ಹತ್ತೊಂಬತ್ತು, ಅಚ್ಚಾದುದನ್ನು ನಂಬುವುದಾದರೆ ಹದಿನೆಂಟು. ನಾನು ಎರಡನ್ನೂ ಪೂರ್ತಿ ನಂಬುವುದಿಲ್ಲ.

ಪಿಎಚ್.ಡಿ.ಗಾಗಿ ನಾನು ಧಾರ್ಮಿಕ ಯುವಕ ಸಂಘಗಳನ್ನು ಅಧ್ಯಯನ ಮಾಡುತ್ತಿದ್ದೆ. ಎರಡೇ ಸಂಘ: ಬನಹಟ್ಟಿಯ ನೇಕಾರರ ಓಣಿಯ ಭಜನಾ ಸಂಘ, ಸಾವಳಗಿಯ ಬೀರೇಶ್ವರನ ಡೊಳ್ಳಿನ ಸಂಘ. ಎರಡೂ ಕಡೆ ಅಮಾವಾಸ್ಯೆಯ ದಿನವೇ ಹೋಗುತ್ತಿದ್ದೆ. ಅವತ್ತು ಮಗ್ಗಗಳು ನಿಲ್ಲುತ್ತವೆ, ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ, ಹುಡುಗರು ಒಂದೇ ಕಡೆ ಸಿಗುತ್ತಾರೆ. ಬನಹಟ್ಟಿಯ ಅಧ್ಯಕ್ಷರು ಭಜನೆಗೆ ಮೊದಲು ಪುಸ್ತಕ ನೋಡಿ ಒಂದೊಂದೇ ಹೆಸರು ಕರೆಯುತ್ತಿದ್ದರು. ಸಾವಳಗಿಯಲ್ಲಿ ಪುಸ್ತಕವಿಲ್ಲ, ಹಿರಿಯ ಡೊಳ್ಳಿನವರು ಬಾಯಿಪಾಠದಿಂದಲೇ ಕರೆಯುತ್ತಿದ್ದರು. ನಾನು ಆ ಹೆಸರುಗಳನ್ನು ಬರೆದುಕೊಂಡು, ಅದರಿಂದಲೇ ಚೀಟಿ ಎತ್ತಿ, ಯಾರನ್ನು ಮಾತನಾಡಿಸಬೇಕೆಂದು ಆರಿಸಿದೆ. ಚೀಟಿ ಎತ್ತಿದ್ದರಿಂದ ಪಕ್ಷಪಾತವಿಲ್ಲ ಎಂದು ಹೆಮ್ಮೆಪಟ್ಟೆ ಕೂಡ. ಸಂಘದಿಂದ ಮನಸ್ಸಿಗೆ ಆಸರೆ ಸಿಕ್ಕಿದೆ ಎಂದು ಹದಿನೆಂಟೂ ಜನ ಹೇಳಿದರು. ಅದೇ ನನ್ನ ಮುಖ್ಯ ಫಲಿತಾಂಶವಾಯಿತು.

ಮಾತುಕತೆಗಳೆಲ್ಲ ಮುಗಿದ ಮೇಲೆ, ಬನಹಟ್ಟಿಯ ಬಸ್ ನಿಲ್ದಾಣದಲ್ಲಿ ಒಬ್ಬ ಪವರ್‌ಲೂಮ್ ನೇಕಾರ ನನ್ನ ಪಕ್ಕ ಬಂದು ಕೂತ. ಇಪ್ಪತ್ತೈದರ ಆಸುಪಾಸು.

"ಸರ, ನೀವು ಭಜನಿ ಹುಡುಗ್ರನ್ನ ಕೇಳಾಕತ್ತೀರಂತ. ನನ್ನ ಯಾಕ ಕೇಳಲಿಲ್ರಿ?"

"ನೀವೂ ಸಂಘದಾಗ ಅದೀರೇನು?"

"ಇದ್ದೆ. ಅವ್ವಗ ಆರಾಮಿರಲಿಲ್ಲ, ಮೂರ ಅಮಾಸಿ ತಪ್ಪಿದೆ. ಮೂರ ತಪ್ಪಿದ್ರ ಹೆಸರ ಕರಿಯೂದಿಲ್ರಿ ಅಲ್ಲಿ. ನಾಕನೇ ಅಮಾಸಿಗೆ ಹೋಗಿ ಕುಂತೆ. ಎಲ್ಲಾರ ಹೆಸರು ಕರದ್ರು, ನನ್ನ ದಾಟಿ ಮುಂದ ಹೋದ್ರು. ಆಮ್ಯಾಲ ಒಬ್ಬಾಂವರೆ ಮಾತಾಡಿಸಬೇಕಲ್ಲ."

ಬಹಳ ಹೊತ್ತು ಮಾತನಾಡಿದ, ಅಥವಾ ಬಹಳ ಹೊತ್ತು ಎಂದು ನಾನು ಆಮೇಲೆ ಅಂದುಕೊಂಡೆ. ಒಂದು ಮಾತ್ರ ಖಚಿತ: 'ಈಗ ಸದಸ್ಯರಾಗಿರುವವರು ಮಾತ್ರ' ಎಂಬುದು ನನ್ನದೇ ನಿಯಮವಾಗಿತ್ತು, ಅವನನ್ನು ಲೆಕ್ಕಕ್ಕೆ ಸೇರಿಸಲಾಗಲಿಲ್ಲ. "ಮಿತಿಗಳ ಭಾಗದಾಗ ನಿಮ್ಮಂಥವರ ಬಗ್ಗೆ ಬರೀತೀನಿ" ಎಂದು ಮಾತು ಕೊಟ್ಟೆ.

ಬರೆದೆ. ಚರ್ಚೆಯ ಅಧ್ಯಾಯದಲ್ಲಿ ಎಂಟು ಸಾಲು. ಸಂಖ್ಯೆ ಚಿಕ್ಕದು, ಸಂಘಗಳು ಎರಡೇ. ಅದಕ್ಕಿಂತ ಮುಖ್ಯವಾಗಿ, ಪಟ್ಟಿ ಬಂದದ್ದು ಹಾಜರಿ ಕರೆಯಿಂದ. ಬಿಟ್ಟವರು, ಬಿಡಿಸಲ್ಪಟ್ಟವರು ಅದರಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಸಂಘ ಆಸರೆ ಕೊಡುತ್ತದೆ ಎಂಬುದು ಉಳಿದುಕೊಂಡವರ ಮಾತು ಮಾತ್ರ.

ನನ್ನ ಮಾರ್ಗದರ್ಶಕರು ಜಮಖಂಡಿಯ ಮನೆಯಲ್ಲಿ, ಚಹಾದ ಕಪ್ಪನ್ನು ಹಾಳೆಯ ಮೇಲೇ ಇಟ್ಟುಕೊಂಡು ಓದಿದರು. ಮೊದಲ ಸಾಲು ಉಳಿಸಿ ಮಿಕ್ಕ ಏಳನ್ನು ಹೊಡೆದುಹಾಕಿದರು.

"ಮಂದಿ ಕಮ್ಮಿ ಅಂದ್ರ ಪರೀಕ್ಷಕರು ತಲಿ ಅಲ್ಲಾಡಿಸಿ ಮುಂದ ಹೋಗ್ತಾರ. ಎಲ್ಲಾರೂ ಬರಿಯೂದ ಅದು. ಪಟ್ಟೀನ ತಪ್ಪೈತಿ ಅಂದ್ರ, ಹಂಗಾರ ಉಳದದ್ದು ಯಾಕ ಓದಬೇಕಂತ ಕೇಳ್ತಾರ. ನಿನ್ನ ಕೊಳ್ಳಿಗೆ ನೀನ ಹಗ್ಗ ಹಾಕ್ಕೋತೀಯೇನು?"

"ಖರೆ ಐತೆಲ್ರಿ ಸರ ಅದು."

"ಖರೆ ಐತಿ, ಅದಕ್ಕ ಹೊಡದೀನಿ. ಪದವಿ ಬೇಕೋ ಬ್ಯಾಡೋ?"

ಬೇಕಿತ್ತು. ಅವರು ಕೆಟ್ಟವರೆಂದು ಬರೆದರೆ ನನಗೆ ಹಗುರಾದೀತು, ಆದರೆ ಹೊಡೆದ ಪ್ರತಿಯನ್ನು ತಂದು ಟೈಪ್ ಮಾಡಿದ್ದು ನನ್ನ ಬೆರಳು. ಅಳಿಸಿದ ಜಾಗದಲ್ಲಿ ಮುಂದಿನ ಪ್ಯಾರಾ ಮೇಲಕ್ಕೆ ಸರಿಯಿತು: 'ಈ ಭಾಗದ ಯುವಜನರಿಗೆ ಧಾರ್ಮಿಕ ಸಂಘಗಳು ಭಾವನಾತ್ಮಕ ಆಸರೆಯಾಗಿವೆ.' ಮಿತಿ ಒಪ್ಪಿಕೊಂಡ ಮರುಸಾಲಿಗೇ ಇಡೀ ಸೀಮೆಯ ಮಾತು. ಮುಧೋಳಕ್ಕೆ, ಬೀಳಗಿಗೆ ನಾನು ಒಂದು ದಿನವೂ ಹೋಗಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು, ಮಿತಿಗಳನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೀರಿ ಎಂದು ಹೊಗಳಿದರು. ನಾನು ಕೈಮುಗಿದೆ.

ಪದವಿ ಬಂದ ಮೇಲೆ ಆ ನೇಕಾರನ ಬಳಿ ಹೋದೆ. ಮಗ್ಗದ ಸದ್ದು ಕಿವಿಗೆ ಬಡಿಯುತ್ತಿತ್ತು, ಅವನು ಅದನ್ನು ನಿಲ್ಲಿಸಿ ಕೈ ಒರೆಸಿಕೊಂಡ.

"ಬಂತೇನ್ರಿ ಸರ ನಂದು?"

ಓದಿ ತೋರಿಸಿದೆ: 'ಮಾದರಿಯ ಗಾತ್ರ ಚಿಕ್ಕದಾಗಿರುವುದರಿಂದ ಫಲಿತಾಂಶಗಳನ್ನು ಸಾರ್ವತ್ರಿಕಗೊಳಿಸಲಾಗದು.' ಇನ್ನೊಮ್ಮೆ ಓದಲು ಹೇಳಿದ. ಓದಿದೆ.

"ಇದ್ರಾಗ ನಾ ಎಲ್ಲಿ ಅದೀನ್ರಿ?"

ಮಾದರಿ, ಗಾತ್ರ ಎಂದು ಏನೋ ಬಿಡಿಸಿ ಹೇಳತೊಡಗಿದೆ. ಅವನು ತಡೆದ.

"ಇರಲಿ ಬಿಡ್ರಿ. ಅವ್ರು ಕರೀಲಿಲ್ಲ, ನೀವೂ ಕರೀಲಿಲ್ಲ. ಅವ್ರು ನನಗ ಮಾತು ಕೊಟ್ಟಿರಲಿಲ್ಲ, ಅಷ್ಟ ಫರಕ."

ಮತ್ತೆ ಮಗ್ಗ ಹಚ್ಚಿದ. ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಅವನು ಇಷ್ಟು ಚೊಕ್ಕವಾಗಿ ಹೇಳಿದನೋ, ನಾನು ನಂತರ ತಿದ್ದಿಕೊಂಡೆನೋ ಹೇಳಲಾರೆ, ಅವತ್ತು ಬರೆದಿಟ್ಟುಕೊಳ್ಳಲಿಲ್ಲ.

ಆ ಎರಡು ಸಂಘಗಳಲ್ಲಿ ಹೀಗೆ ಹೆಸರು ಬಿಟ್ಟುಹೋದವರು ಒಟ್ಟು ಎಷ್ಟು ಮಂದಿ, ಸಾವಳಗಿಯಲ್ಲೂ ಈ ರೂಢಿ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.