ಕಪಾಟಿನಲ್ಲಿ ಹುಡುಕಿದ ಹೊತ್ತು

ಇಪ್ಪತ್ತು ಎಂಬ ಸಂಖ್ಯೆ ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅದು ಸರಿಯಾದ ಉತ್ತರವಾಗಿತ್ತು, ಉರಿ ಅದಕ್ಕೇ.

ಗದಗಿನ ಒಂದು ಕಾಲೇಜಿನಲ್ಲಿ ನಾನು ಬಿಸಿಎ ಮಕ್ಕಳಿಗೆ ಕಂಪ್ಯೂಟರ್ ಆರ್ಕಿಟೆಕ್ಚರ್ ಕಲಿಸುತ್ತೇನೆ. ಕ್ಯಾಶ್ ಮೆಮೊರಿಯ ಪಾಠ ಬಂತೆಂದರೆ ಪ್ರತಿವರ್ಷವೂ ಅದೇ ಗೋಳು. ಝೆರಾಕ್ಸ್ ಅಂಗಡಿಯ ನೋಟ್ಸು ತಂದು, ಟೆಂಪೊರಲ್ ಲೊಕ್ಯಾಲಿಟಿ, ಸ್ಪೇಶಿಯಲ್ ಲೊಕ್ಯಾಲಿಟಿ ಎಂದು ಮಂತ್ರದ ಹಾಗೆ ಒಪ್ಪಿಸುತ್ತಾರೆ. ಹಾಗಂದರೇನು ಎಂದು ಕೇಳಿದರೆ ಎಲ್ಲರೂ ಕಿಟಕಿ ನೋಡುತ್ತಾರೆ. ನಾನೂ ಬಾಯಿ ನೋಯುವವರೆಗೆ ಹೇಳುತ್ತೇನೆ. ಪ್ರೊಸೆಸರ್ ಬಹಳ ಚುರುಕು, ಮುಖ್ಯ ಮೆಮೊರಿ ಅದರ ಮುಂದೆ ನಿಧಾನ. ಅದಕ್ಕೇ ನಡುವೆ ಚಿಕ್ಕದೊಂದು ಚುರುಕಾದ ಮೆಮೊರಿ ಇಟ್ಟು, ಬೇಕಾಗಬಹುದಾದದ್ದನ್ನು ಅದರಲ್ಲಿ ಇಡುತ್ತಾರೆ. ಹುಡುಕಿದ್ದು ಅಲ್ಲೇ ಸಿಕ್ಕರೆ ಹಿಟ್, ಸಿಗದಿದ್ದರೆ ಮಿಸ್. ಒಟ್ಟು ಹುಡುಕಾಟದಲ್ಲಿ ಎಷ್ಟು ಪಾಲು ಹಿಟ್ ಆಯಿತೋ ಅದು ಹಿಟ್ ರೇಶಿಯೋ. ಇಷ್ಟೇ. ಇಷ್ಟನ್ನೂ ಕೇಳಿಸಿಕೊಳ್ಳದೆ ಹಿಂದಿನ ಬೆಂಚಿನವರು ಮೊಬೈಲಿಗೆ ಮುಖ ಇಟ್ಟಿರುತ್ತಾರೆ.

ಆ ವರ್ಷ ಮಾತ್ರ ಒಬ್ಬಳು ಕೈ ಎತ್ತಿದಳು. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಮನೆಯಲ್ಲಿ ಕಿರಾಣಿ ಅಂಗಡಿ.

"ಮೇಡಂ, ಇದು ನಮ್ಮ ಅಂಗಡ್ಯಾಗ ಇದ್ದಂಗ ಐತಲ್ರಿ. ದಿನಾ ಹೋಗೋ ಮಾಲು ಮುಂದಿನ ಕಪಾಟದಾಗ ಇಡ್ತೇವಿ. ಉಳದದ್ದೆಲ್ಲಾ ಹಿಂದ ಗೋದಾಮಿನ್ಯಾಗ."

"ಮತ್ತ ಲೊಕ್ಯಾಲಿಟಿ ಎಲ್ಲಿ ಬಂತವಾ?"

"ಈಗ ಸಕ್ಕರಿ ಕೇಳಿದ್ರಂದ್ರ ಇನ್ನೊಂದಿಷ್ಟ ಹೊತ್ತಿಗೆ ಮತ್ತ ಸಕ್ಕರೀನ ಕೇಳ್ತಾರ್ರಿ. ಅದಕ್ಕ ಒಳಗಿಂದ ತಂದದ್ದನ್ನ ವಾಪಸ್ ಒಯ್ಯೂದಿಲ್ಲ, ಮುಂದ ಇಡ್ತೇವಿ. ಸಕ್ಕರಿ ತರಾಕ ಹೋದಾಗ ಅದರ ಬಾಜೂ ಇದ್ದ ಚಹಾಪುಡೀನೂ ಎತ್ಕೊಂಡ ಬರ್ತೇವಿ. ಅದನ್ನೂ ಕೇಳವರ ಅದಾರಲ್ರಿ."

ನಾನು ಚಾಕ್‌ಪೀಸು ಕೆಳಗಿಟ್ಟೆ. ಈಗ ಬಳಸಿದ್ದನ್ನೇ ಮತ್ತೆ ಬಳಸುವುದು ಟೆಂಪೊರಲ್, ಅದರ ಪಕ್ಕದ್ದನ್ನು ಬಳಸುವುದು ಸ್ಪೇಶಿಯಲ್. ಲೂಪಿನಲ್ಲಿ ಅದೇ ಸೂಚನೆಗಳು ತಿರುತಿರುಗಿ ಬರುತ್ತವೆ, ಸಾಲಾಗಿ ಜೋಡಿಸಿದ ಅಂಕಿಗಳ ಅರೇ ಓದುವಾಗ ಒಂದರ ಪಕ್ಕ ಇನ್ನೊಂದು. ಅದಕ್ಕೇ ಕ್ಯಾಶ್ ಬೇಕಾದ ಒಂದನ್ನಷ್ಟೇ ತರದೆ, ಅದರ ನೆರೆಯವನ್ನೂ ಸೇರಿಸಿ ಒಂದು ಬ್ಲಾಕನ್ನೇ ತರುತ್ತದೆ. ಪ್ರೋಗ್ರಾಮು ಹೀಗೆ ಒಂದೇ ಕಡೆ ಸುತ್ತಾಡುವುದರಿಂದಲೇ ಅಷ್ಟು ಚಿಕ್ಕ ಕ್ಯಾಶಿಗೂ ಅಷ್ಟು ದೊಡ್ಡ ಹಿಟ್ ರೇಶಿಯೋ ಬರುವುದು. ಅವಳ ಅಂಗಡಿ ಹಿಡಿದುಕೊಂಡೇ ಆ ವಾರವೆಲ್ಲ ಪಾಠ ಮಾಡಿದೆ. ಮೊಬೈಲಿನವರೂ ತಲೆ ಎತ್ತಿದರು. ಖುಷಿಯಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ಕೊನೆಯ ಸೆಮಿಸ್ಟರ್ ಮುಗಿಯುವಾಗ ಅವಳಿಗೆ ಎಂಸಿಎಗೆ ಸೀಟು ಖಚಿತವಾಗಿತ್ತು. ಜ್ವರ ಬಂದು ಬರೆಯಲಾಗದೆ ಉಳಿದಿದ್ದ ನನ್ನ ವಿಷಯದ ಈ ಒಂದು ಪೇಪರು ಪಾಸಾದರೆ ಸಾಕು. ಅಪ್ಪ ಒಪ್ಪಿದ್ದೂ ಈ ವರ್ಷ ಸೇರುವುದಾದರೆ ಮಾತ್ರ ಎಂದು. ಇಲ್ಲದಿದ್ದರೆ ಅಂಗಡಿಯಲ್ಲಿ ಕೂರಬೇಕು.

ಪರೀಕ್ಷೆಯಲ್ಲಿ ಲೆಕ್ಕ ಬಂತು. ಪ್ರೊಸೆಸರ್ ಮೊದಲು ಕ್ಯಾಶಿನಲ್ಲಿ ಹುಡುಕುತ್ತದೆ, ಅಲ್ಲಿ ಇಲ್ಲವೆಂದು ತಿಳಿದ ಮೇಲೆ ಮುಖ್ಯ ಮೆಮೊರಿಗೆ ಹೋಗುತ್ತದೆ. ಕ್ಯಾಶಿಗೆ ಹತ್ತು ನ್ಯಾನೋಸೆಕೆಂಡು, ಮೆಮೊರಿಗೆ ನೂರು, ಹಿಟ್ ರೇಶಿಯೋ 0.9. ಸರಾಸರಿ ಸಮಯ ಎಷ್ಟು?

ಮೌಲ್ಯಮಾಪನಕ್ಕೆ ನನ್ನನ್ನೂ ಕರೆದಿದ್ದರು. ಕೈಗೆ ಬಂದ ಸ್ಕೀಮಿನಲ್ಲಿ, ಅಂದರೆ ಮಾದರಿ ಉತ್ತರಗಳ ಹಾಳೆಯಲ್ಲಿ, ಉತ್ತರ ಹತ್ತೊಂಬತ್ತು ಎಂದಿತ್ತು. ಹಿಟ್ ಆದರೆ ಹತ್ತು, ಮಿಸ್ ಆದರೆ ನೂರು ಎಂದು ಹಿಡಿದಿದ್ದರು. ಎರಡು ಕಡೆಗೂ ಒಟ್ಟಿಗೇ ಹುಡುಕಾಟ ಶುರುವಾಗುವ ಯಂತ್ರಕ್ಕೆ ಅದು ಸರಿ. ಆದರೆ ಪ್ರಶ್ನೆಯಲ್ಲೇ ಮೊದಲು ಇದು, ಆಮೇಲೆ ಅದು ಎಂದು ಅಚ್ಚಾಗಿದೆಯಲ್ಲ! ಮಿಸ್ ಆದಾಗ ಕ್ಯಾಶಿನಲ್ಲಿ ಹುಡುಕಿದ ಹತ್ತು ಎಲ್ಲಿ ಹೋಯಿತು? ಹತ್ತೂ ನೂರೂ ಸೇರಿ ನೂರಾ ಹತ್ತಾಗಬೇಕು. ಹತ್ತರಲ್ಲಿ ಒಂಬತ್ತು ಸಲ ಹತ್ತು, ಒಂದು ಸಲ ನೂರಾ ಹತ್ತು; ಆಗ ಸರಾಸರಿ ಇಪ್ಪತ್ತು.

ಮುಖ್ಯ ಮೌಲ್ಯಮಾಪಕರ ಬಳಿ ಹೋಗಿ ಹೇಳಿದೆ. ಹಿರಿಯರು, ಚಹಾ ಕುಡಿಯುತ್ತಿದ್ದರು.

"ಒಂದ ನ್ಯಾನೋಸೆಕೆಂಡಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಮೇಡಂ? ಸ್ಕೀಮಿನ್ಯಾಗ ಇದ್ದಂಗ ಹಾಕ್ರಿ."

"ಸ್ಕೀಮ ತಪ್ಪೈತಿ ಸರ್. ಪ್ರಶ್ನಿ ಓದ್ರಿ ಒಮ್ಮೆ."

"ಆಕ್ಷೇಪ ಹೇಳೋ ಟೈಮ್ ಮುಗದೈತ್ರಿ. ಜಲ್ದಿ ಬಂಡಲ್ ಮುಗಸ್ರಿ, ಬಸ್ಸು ಹಿಡೀಬೇಕು ಎಲ್ಲಾರೂ."

ಇಪ್ಪತ್ತು ಬರೆದವರಿಗೆ ನಾನು ಅಂಕ ಕೊಟ್ಟೆ. ಮುಖ್ಯ ಮೌಲ್ಯಮಾಪಕರು ಅದನ್ನು ಹಸಿರು ಪೆನ್ನಿನಿಂದ ಹೊಡೆದುಹಾಕಿದರು. ಮತ್ತೆ ಜಗಳ ಮಾಡಿದೆ. ಪಕ್ಕದ ಟೇಬಲ್ಲಿನವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ಅವರಲ್ಲಿ ಅರ್ಧ ಜನಕ್ಕೆ ನಾನು ಹೇಳಿದ್ದು ಸರಿ ಎಂದು ಗೊತ್ತಿತ್ತು, ಒಬ್ಬರಾದರೂ ಬಾಯಿ ಬಿಡಲಿಲ್ಲ.

ಫಲಿತಾಂಶ ಬಂದಾಗ ಹುಡುಗಿಗೆ ಪಾಸಾಗಲು ಎರಡು ಅಂಕ ಕಡಿಮೆ. ಉತ್ತರ ಪತ್ರಿಕೆಯ ನಕಲು ತರಿಸಿಕೊಂಡು ಸ್ಟಾಫ್ ರೂಮಿಗೆ ಬಂದಳು. ನಾಲ್ಕು ಅಂಕದ ಆ ಲೆಕ್ಕಕ್ಕೆ ಸೊನ್ನೆ. ಸೂತ್ರ, ಹೆಜ್ಜೆ, ಕಾರಣ ಎಲ್ಲವನ್ನೂ ಚಂದವಾಗಿ ಬರೆದಿದ್ದಳು. ಎಲ್ಲದರ ಮೇಲೂ ಒಂದೇ ಅಡ್ಡಗೆರೆ.

"ನೀವ ಹೇಳಿದ್ದನ್ನ ಬರದೇನ್ರಿ ಮೇಡಂ," ಎಂದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮರುಮೌಲ್ಯಮಾಪನಕ್ಕೆ ಹಾಕಿಸಿದೆ. ನಾನೂ ಪರೀಕ್ಷಾ ವಿಭಾಗಕ್ಕೆ ಫೋನಿನ ಮೇಲೆ ಫೋನು ಮಾಡಿದೆ. ಅವರು ಮತ್ತೊಬ್ಬರ ಕೈಗೆ ಪತ್ರಿಕೆ ಕೊಟ್ಟರು, ಜೊತೆಗೆ ಅದೇ ಸ್ಕೀಮನ್ನೂ ಕೊಟ್ಟರು. ಆಮೇಲೆ ಏನು ಬದಲಾಗುತ್ತದೆ, ಮಣ್ಣು! 'ಬದಲಾವಣೆ ಇಲ್ಲ' ಎಂದು ಬರುವ ಹೊತ್ತಿಗೆ ಎಂಸಿಎ ಪ್ರವೇಶ ಮುಗಿದಿತ್ತು. ಅವಳು ಅಂಗಡಿಯಲ್ಲಿ ಕುಳಿತಳು.

ಮುಂದಿನ ಪರೀಕ್ಷೆಯ ಬೆಳಿಗ್ಗೆ ಕಾಲೇಜಿನ ಮೆಟ್ಟಿಲ ಹತ್ತಿರ ನನಗಾಗಿ ಕಾಯುತ್ತಿದ್ದಳು. ಕೈಯಲ್ಲಿ ಹಾಲ್ ಟಿಕೆಟ್ಟು.

"ಆ ಲೆಕ್ಕ ಮತ್ತ ಬಂದ್ರ ಯಾವುದು ಬರೀಲ್ರಿ ಮೇಡಂ? ಖರೇದ್ದೋ, ಅವರದೋ?"

ಗಂಟೆ ಹೊಡೆಯಿತು. ಎರಡನ್ನೂ ಬರಿ ಎನ್ನೋಣವೆಂದರೆ, ಎರಡು ಉತ್ತರ ಬರೆದರೆ ಎರಡನ್ನೂ ಹೊಡೆಯುವವರನ್ನು ಕಣ್ಣಾರೆ ಕಂಡಿದ್ದೆ. ಇಷ್ಟು ವರ್ಷ ಪಾಠ ಹೇಳಿದ ಬಾಯಿಂದಲೇ ತಪ್ಪು ಉತ್ತರ ಹೇಳಿಕೊಟ್ಟೆ.

"ಅವರದ ಬರಿಯವಾ."

"ಹಂಗಾರ ಕಪಾಟದಾಗ ಹುಡುಕಿದ ಹೊತ್ತು?"

"ಅದನ್ನ ಅವರು ಲೆಕ್ಕಕ್ಕ ಹಿಡಿಯೂದಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಲೆಕ್ಕ ಬಂದೇ ಬಂತು, ಅಂಕಿಗಳಷ್ಟೇ ಬೇರೆ. ಪ್ರಶ್ನೆಯ ವಾಕ್ಯ ಒಂದಕ್ಷರವೂ ಬದಲಾಗಿರಲಿಲ್ಲ, ಸ್ಕೀಮೂ ಬದಲಾಗಲಿಲ್ಲ.

ಫಲಿತಾಂಶದ ದಿನ ಅವಳೇ ಅಂಗಡಿಯಿಂದ ಫೋನು ಮಾಡಿದಳು.

"ಪಾಸಾದೆ ಮೇಡಂ. ತಪ್ಪ ಬರದೆ, ಪೂರಾ ಅಂಕ ಕೊಟ್ಟಾರ."

ಮುಂದಿನ ವರ್ಷವಾದರೂ ಎಂಸಿಎಗೆ ಕಳಿಸುತ್ತಾರಾ ಎಂದು ಕೇಳಿದೆ. ಅಪ್ಪ ಈಗ ಆ ಮಾತನ್ನೇ ಎತ್ತುವುದಿಲ್ಲ ಎಂದಳು. ಅಷ್ಟರಲ್ಲಿ ಆಚೆಯಿಂದ ಯಾರೋ ಗಿರಾಕಿ ಏನನ್ನೋ ಕೇಳಿದರು. ಅವಳ ಅಪ್ಪ ಕೂಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಮೊದಲ ಕಪಾಟದಾಗ ನೋಡವಾ. ಅಲ್ಲಿ ಇಲ್ಲಂದ್ರ ಒಳಗ ಹೋಗು."

"ಹೂಂ ಅಪ್ಪಾ," ಎಂದು ಅವಳು ಫೋನಿಟ್ಟಳು.