ನಗುವಿನ ಅರ್ಥ ಕಲಿತ ವರ್ಷ

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ, ಎರಡು ಸಾವಿರದ ಹನ್ನೆರಡರ ಸುಮಾರಿಗೆ, ಪ್ರತಿ ಶನಿವಾರ ಅವಳನ್ನು ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಿಂದ ಠಾಣೆ ನಗರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅವಳಿಗೆ ಆಟಿಸಂ ಇದೆಯೆಂದು ಗೊತ್ತಾದದ್ದೇ ತಡವಾಗಿ. ಓದಿನಲ್ಲಿ ಚುರುಕು, ಮಾತೂ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ನಾವಾಗಲಿ ಶಾಲೆಯವರಾಗಲಿ ಬಹಳ ವರ್ಷ ಅವಳನ್ನು ಹಟಮಾರಿ ಎಂದೇ ತಿಳಿದಿದ್ದೆವು. ಅವಳಿಗೆ ಗೆಳತಿಯರಿರಲಿಲ್ಲ. ಡೊಂಬಿವಲಿಯ ಸೊಸೈಟಿಗಳ, ಅಂದರೆ ಫ್ಲ್ಯಾಟ್ ಕಟ್ಟಡಗಳ ಹೆಸರು, ಯಾವುದು ಯಾವ ರಸ್ತೆಯಲ್ಲಿದೆ, ಯಾವುದರ ಫಲಕದಲ್ಲಿ ಯಾವ ಅಕ್ಷರ ಬಿದ್ದುಹೋಗಿದೆ, ಇವೆಲ್ಲ ಅವಳಿಗೆ ಬಾಯಿಪಾಠ. ಯಾರು ಸಿಕ್ಕರೂ ಅದನ್ನೇ ಹೇಳುತ್ತಿದ್ದಳು.

ಠಾಣೆಯಲ್ಲಿ ಮನಃಶಾಸ್ತ್ರಜ್ಞೆಯೊಬ್ಬರು ಇಂಥ ಹದಿಹರೆಯದ ಮಕ್ಕಳ ಗುಂಪು ನಡೆಸುತ್ತಿದ್ದರು. ಇತರರೊಡನೆ ಬೆರೆಯುವುದನ್ನು ಕಲಿಸುವ ಗುಂಪು. ನನ್ನ ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್. ದಿನವಿಡೀ ಜನರ ನಡುವೆ ಇರುವವರಿಗೆ ಇದು ವಿಚಿತ್ರವಾಗಿ ಕಂಡಿತು. "ಮಾತಾಡ್ಲಿಕ್ಕೂ ಕ್ಲಾಸ್ ಉಂಟಾ ಮಾರಾಯ್ತಿ?" ಎಂದರು. ಆದರೆ ಬೇಡವೆನ್ನಲಿಲ್ಲ.

ಸೇರಿಸಿಕೊಳ್ಳುವ ಮೊದಲು ಆ ಮೇಡಂ ಮಗಳ ಜೊತೆ ಒಂದು ಗಂಟೆ ಮಾತಾಡಿದರು. ಆಮೇಲೆ ನನಗೆ, ಅವಳ ಕ್ಲಾಸ್ ಟೀಚರಿಗೆ, ಅವಳಿಗೂ ಬೇರೆಬೇರೆ ಪ್ರಶ್ನಾವಳಿ ಕೊಟ್ಟರು. ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇವನ್ನೇ ಮತ್ತೆ ತುಂಬಿಸಿ ಹೋಲಿಸುತ್ತೇನೆ ಎಂದರು. ಗುರಿ ಏನೆಂದು ಕೇಳಿದಾಗ ನಾನು "ಅವಳಿಗೆ ಫ್ರೆಂಡ್ಸ್ ಆಗಬೇಕು" ಎಂದೆ. ಅವರು ಅಲ್ಲವೆಂಬಂತೆ ತಲೆಯಾಡಿಸಿದರು. "ಅದು ಅವಳೊಬ್ಬಳ ಕೈಯಲ್ಲಿಲ್ಲ. ಅವಳು ಮಾಡಬಹುದಾದದ್ದನ್ನು, ನಾವು ಕಣ್ಣಿಂದ ನೋಡಬಹುದಾದದ್ದನ್ನು ಇಟ್ಟುಕೊಳ್ಳೋಣ" ಎಂದು ಹಿಂದಿಯಲ್ಲಿ ಹೇಳಿದರು. ಕೊನೆಗೆ ಎರಡು ಗುರಿ ನಿಂತವು: ಇಬ್ಬರು ಮಾತಾಡುತ್ತಿದ್ದರೆ ಹತ್ತಿರ ನಿಂತು ಕೇಳಿ, ಬಿಡುವು ಸಿಕ್ಕಾಗ ಅದೇ ವಿಷಯದ ಮೇಲೆ ಒಂದು ಮಾತು ಸೇರಿಸುವುದು; ಮತ್ತು ತನ್ನ ಇಷ್ಟದ ವಿಷಯವನ್ನು ಎರಡು ಮೂರು ವಾಕ್ಯಕ್ಕೆ ನಿಲ್ಲಿಸಿ ಎದುರಿನವರನ್ನು ಏನಾದರೂ ಕೇಳುವುದು.

ಗುಂಪಿನಲ್ಲಿ ಐದು ಹುಡುಗರು, ಇವಳೊಬ್ಬಳೇ ಹುಡುಗಿ. ಆ ದಿನ ಏನೇನು ನಡೆಯುತ್ತದೆ ಎಂದು ಮೊದಲೇ ಬೋರ್ಡಿನ ಮೇಲೆ ಬರೆದಿರುತ್ತಿದ್ದರು; ಕ್ರಮ ಬದಲಾಗುತ್ತಿರಲಿಲ್ಲ. ಹಿಂದಿನ ವಾರದ ಹೋಂವರ್ಕ್ ಹೇಗಾಯಿತು ಎಂಬುದರಿಂದ ಶುರು. ಆಮೇಲೆ ಒಂದೇ ಒಂದು ಹೊಸ ಪಾಠ. ಮೇಡಂ ಮತ್ತು ಸಹಾಯಕಿ ಅದನ್ನು ಮೊದಲು ತಪ್ಪಾಗಿ, ಆಮೇಲೆ ಸರಿಯಾಗಿ ಅಭಿನಯಿಸಿ ತೋರಿಸುವರು. "ಈಗ ಇವರಿಗೆ ಏನನ್ನಿಸಿರಬಹುದು?" ಎಂದು ಕೇಳುವರು. ನಂತರ ಮಕ್ಕಳು ಜೋಡಿಯಾಗಿ ಅಭ್ಯಾಸ ಮಾಡಬೇಕು. ಕೊನೆಗೆ ಬಿಸ್ಕೆಟ್, ಆಟ. ಅದು ಬರೀ ಬಿಡುವೆಂದು ನಾನು ತಿಳಿದಿದ್ದೆ. ಆದರೆ ಯಾರೂ ಹೇಳಿಕೊಡದೆ ಯಾವ ಮಕ್ಕಳು ತಾವಾಗಿ ಮಾತಿಗೆ ಸೇರಿದರು ಎಂದು ಸಹಾಯಕಿ ಮೂಲೆಯಲ್ಲಿ ಕೂತು ಗುರುತು ಹಾಕಿಕೊಳ್ಳುತ್ತಿದ್ದದ್ದು ಆಗಲೇ. ಅಷ್ಟೂ ಹೊತ್ತು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ ನಮ್ಮನ್ನು ಕೊನೆಗೆ ಕರೆದು, ಮನೆಯಲ್ಲಿ ಏನು ಅಭ್ಯಾಸ ಮಾಡಿಸಬೇಕು ಎಂದು ಹೇಳುತ್ತಿದ್ದರು.

ಅವಳು ಬದಲಾದಳು. ಊಟಕ್ಕೆ ಕೂತಾಗ ಅಪ್ಪನನ್ನು "ಇವತ್ತು ಹೋಟೆಲಲ್ಲಿ ರಶ್ ಇತ್ತಾ?" ಎಂದು ಕೇಳಿದ ದಿನ ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೂತರು. ಗುಂಪಿನಲ್ಲೂ ಅವಳ ಹೆಸರಿನ ಮುಂದೆ ಗುರುತುಗಳು ಹೆಚ್ಚುತ್ತಿದ್ದವು. ತರಗತಿಗಳು ಅರ್ಧ ಮುಗಿದಾಗ ನಾನು ತುಂಬಿದ ಪ್ರಶ್ನಾವಳಿಯಲ್ಲೂ ಅಂಕ ಏರಿತು. ಶಾಲೆಯಿಂದ ಮಾತ್ರ ಬದಲಾವಣೆಯಿಲ್ಲ ಎಂದು ಬಂತು. "ಕೋಣೆಯಲ್ಲಿ ಕಲಿತದ್ದು ಹೊರಗೆ ಹೋಗಲು ಸಮಯ ಬೇಕು. ಇನ್ನು ಶಾಲೆಯಲ್ಲಿ ಮಾಡುವಂಥ ಹೋಂವರ್ಕ್ ಕೊಡುತ್ತೇನೆ" ಎಂದರು ಮೇಡಂ. ಬಿಡುವಿನ ವೇಳೆಯಲ್ಲಿ ಒಂದು ಗುಂಪಿನ ಮಾತಿಗೆ ಸೇರಬೇಕು, ಅಷ್ಟೇ.

ಆ ವಾರ ಅವಳು ಶಾಲೆಯಿಂದ ಬಂದದ್ದೇ ಖುಷಿಯಲ್ಲಿ. "ಮಮ್ಮಿ, ಹೋಂವರ್ಕ್ ಹೋ ಗಯಾ, ಆಯ್ತು. ಅವರೆಲ್ಲ ತುಂಬಾ ನಕ್ಕರು. ಮತ್ತೆ ಹೇಳು, ಮತ್ತೆ ಹೇಳು ಅಂದರು." ನಾನೂ ನಂಬಿದೆ. ಸಂಜೆ ಪಾಯಸ ಮಾಡಿದೆ.

ಶನಿವಾರ ಹೋಂವರ್ಕಿನ ಸರದಿ ಬಂದಾಗ ಗುಂಪಿನಲ್ಲೂ ಹಾಗೇ ಹೇಳಿದಳಂತೆ. ಹುಡುಗಿಯರು ಸಿನಿಮಾ ಮಾತಾಡುತ್ತಿದ್ದರು, ತಾನು ಕಾದು ಒಂದು ಮಾತು ಸೇರಿಸಿದೆ, ಅವರು "ಬಿಲ್ಡಿಂಗ್ ಹೆಸರು ಹೇಳು" ಎಂದರು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಮೇಡಂ ಬಾಯಿ ತೆರೆಯುವ ಮೊದಲೇ ಉಲ್ಹಾಸನಗರದಿಂದ ಬರುತ್ತಿದ್ದ ಹುಡುಗನೊಬ್ಬ, ಅವನಪ್ಪನಿಗೆ ಅಲ್ಲಿ ಬಟ್ಟೆ ಅಂಗಡಿ, ತಲೆ ಎತ್ತದೆ ಹೇಳಿದನಂತೆ: "ಅವರು ನಿನ್ನ ಮಜಾ ತಗೊಂಡರು, ಗೇಲಿ ಮಾಡಿದರು. ನನ್ನ ಕ್ಲಾಸಲ್ಲೂ ಹಾಗೇ ಮಾಡ್ತಾರೆ."

ಮೇಡಂ ನನ್ನನ್ನು ಒಳಗೆ ಕರೆದಾಗ ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಳುತ್ತಿರಲಿಲ್ಲ. "ಸಬ್ ಸ್ಟೆಪ್ ಕಿಯಾ ಥಾ," ಎಂದಳು. ಎಲ್ಲ ಹಂತವನ್ನೂ ಸರಿಯಾಗಿ ಮಾಡಿದ್ದೆ ಎಂದು. ಡೊಂಬಿವಲಿ ಸ್ಟೇಷನ್ ಬರುವವರೆಗೆ ಅದೊಂದೇ ಮಾತು. ಟ್ರೇನಿನಲ್ಲಿ ನಿಂತವರು ನಮ್ಮನ್ನು ನೋಡುತ್ತಿದ್ದರು.

ಮುಂದಿನ ಶನಿವಾರ ಮೇಡಂ ಅಂದುಕೊಂಡಿದ್ದ ಪಾಠ ಬಿಟ್ಟರು. ಜೊತೆಗೆ ನಗುವುದು ಹೇಗಿರುತ್ತದೆ, ನಮ್ಮನ್ನು ನೋಡಿ ನಗುವುದು ಹೇಗಿರುತ್ತದೆ ಎಂದು ಅಭಿನಯಿಸಿ ತೋರಿಸಿದರು. ಗಮನಿಸಬೇಕಾದದ್ದು ಇಷ್ಟು: ನಗುವವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆಯೇ, ನೀನು ಹೇಳಿದ್ದನ್ನೇ ಮತ್ತೆ ಹೇಳಿಸುತ್ತಾರೆಯೇ, ನೀನು ಏನಾದರೂ ಕೇಳಿದರೆ ಉತ್ತರ ಕೊಡುತ್ತಾರೆಯೇ. ಹಾಗನ್ನಿಸಿದರೆ ಅಲ್ಲಿಂದ ಎದ್ದು ಹೋಗಬೇಕು, ದೊಡ್ಡವರೊಬ್ಬರಿಗೆ ಹೇಳಬೇಕು. ಮಕ್ಕಳು ಎದ್ದು ಹೋಗುವುದನ್ನು ಸರದಿಯಂತೆ ಅಭ್ಯಾಸ ಮಾಡಿದರು. ಬಾಗಿಲ ಗಾಜಿನಲ್ಲಿ ನೋಡುತ್ತಿದ್ದ ನನಗೆ ಅದನ್ನು ಕೊನೆಯವರೆಗೆ ನೋಡಲಾಗಲಿಲ್ಲ.

ಮೇಡಂ ಮಗಳ ಶಾಲೆಗೂ ಬಂದರು. ಕಲಿಯಬೇಕಾದವಳು ಇವಳೊಬ್ಬಳೇ ಅಲ್ಲ ಎಂದು ಟೀಚರಿಗೆ ವಿವರಿಸಿದರು. ಟೀಚರ್ ಆ ಹುಡುಗಿಯರಿಂದ ರೆಕಾರ್ಡಿಂಗ್ ಅಳಿಸಿ ಹಾಕಿಸಿದರು. ಇಬ್ಬರು ಹುಡುಗಿಯರಿಗೆ ಇವಳ ಜೊತೆ ಕೂರಲು ಹೇಳಿದರು. ಕೆಲವು ದಿನ ಕೂತರು. ಪರೀಕ್ಷೆ ಬಂತು, ಆಮೇಲೆ ಅವರವರ ಬೆಂಚಿಗೆ ಹೋದರು.

ಗುಂಪು ಮುಗಿದಾಗ ಮೇಡಂ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಮೊದಲಿನ ಮತ್ತು ಈಗಿನ ಅಂಕಗಳನ್ನು ತೋರಿಸಿದರು. ಗುಂಪಿನಲ್ಲಿ ಏರಿತ್ತು, ಮನೆಯಲ್ಲಿ ಏರಿತ್ತು, ಟೀಚರ್ ತುಂಬಿದ್ದರಲ್ಲಿ ಅಲ್ಪಸ್ವಲ್ಪ. ಮಗಳು ತಾನೇ ತುಂಬಿದ್ದರಲ್ಲಿ ಒಂಟಿತನದ ಪ್ರಶ್ನೆಗಳ ಅಂಕ ಮೊದಲಿಗಿಂತ ಕೆಟ್ಟಿತ್ತು.

"ಇದೆಂತ ಮೇಡಂ, ಕಲಿತು ಹೀಗಾದದ್ದಾ?" ಎಂದು ನನ್ನ ಗಂಡ ಕೇಳಿದರು.

"ಇತರರು ತನ್ನನ್ನು ದೂರ ಇಟ್ಟದ್ದು ಮೊದಲು ಅವಳಿಗೆ ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ. ಕಾರಣ ಅದೇ ಇರಬಹುದು, ಖಚಿತವಾಗಿ ಹೇಳಲಾರೆ," ಎಂದರು ಅವರು. "ನಾನು ನೀವು ತುಂಬಿದ್ದನ್ನಷ್ಟೇ ನೋಡಿದ್ದರೆ ಚೆನ್ನಾಗಾಯಿತು ಎಂದು ಕಳಿಸಿಬಿಡುತ್ತಿದ್ದೆ." ಮೂರು ತಿಂಗಳ ನಂತರ ಮತ್ತೆ ಬರಲು ಹೇಳಿದರು, ಇನ್ನೊಂದು ಗುಂಪಿಗೆ ಸೇರುವೆಯಾ, ಈ ಸಲ ಗುರಿ ನೀನೇ ಹೇಳು ಎಂದು ಮಗಳನ್ನು ಕೇಳಿದರು. ಅವಳು "ನಕೊ" ಎಂದಳು. ಬೇಡ. ನಾವು ಒತ್ತಾಯ ಮಾಡಲಿಲ್ಲ.

ಆ ಉಲ್ಹಾಸನಗರದ ಹುಡುಗ ಕೆಲವು ಕಾಲ ಭಾನುವಾರಗಳಂದು ಫೋನ್ ಮಾಡುತ್ತಿದ್ದ. ಇವಳು ಎರಡು ಮೂರು ವಾಕ್ಯ ಹೇಳಿ ಅವನನ್ನು ಕೇಳುವಳು, ಅವನೂ ಹಾಗೇ. ಆ ಫೋನ್ ಬರುವ ಹೊತ್ತಿಗೆ ಸ್ನಾನ ಮುಗಿಸಿ ತಲೆ ಬಾಚಿಕೊಂಡು ಕೂರುತ್ತಿದ್ದಳು. ಹತ್ತನೆಯ ತರಗತಿಯ ಓದು ಹೆಚ್ಚಾದ ಮೇಲೆ ಅವನ ಫೋನ್ ನಿಂತಿತು. ಇವಳು ಮಾಡಿದಾಗ ಅವನ ತಾಯಿ, ಓದುತ್ತಿದ್ದಾನೆ ಬೇಟಾ ಎಂದರು.

ಮುಂದೆ ಕಲ್ಯಾಣದ ಕಾಲೇಜಿಗೆ ಸೇರಿದಳು. ಮೊದಲ ತಿಂಗಳಲ್ಲೇ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದಳು. ತಿನ್ನದ ಟಿಫಿನ್ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

"ಎಂತ ಆಯ್ತು?" ಎಂದೆ.

"ಕ್ಯಾಂಟೀನಲ್ಲಿ ನಕ್ಕರು. ನಾನು ನೋಡಿದೆ. ನನ್ನನ್ನು ನೋಡಿಯೇ ನಕ್ಕದ್ದು. ಎದ್ದು ಬಂದೆ."

"ಒಳ್ಳೇದು ಮಾಡಿದೆ" ಎಂದೆ.

ಅವಳು ಕೈ ತೊಳೆದುಕೊಂಡು ಬಂದಳು. ಆಮೇಲೆ ಕೇಳಿದಳು, "ನಾಳೆ ಎಲ್ಲಿ ಕೂರಬೇಕು, ಮಮ್ಮಿ?"

ನಾನು ಡಬ್ಬಿ ತೆಗೆದು ಅನ್ನವನ್ನು ಬಿಸಿಗಿಟ್ಟೆ. ಇಬ್ಬರೂ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ಊಟ ಮಾಡಿದೆವು.