ಟೀಪುಡಿಯ ಜೊತೆಗೆ ಸಕ್ಕರೆ

ಕೆಲಸಕ್ಕೆ ಹೋಗುವ ಹೆಂಗಸರ ಆ ವಸತಿಗೃಹದಲ್ಲಿ ಅಕ್ಕತಂಗಿ ಇಬ್ಬರೂ ಸೇರಿ ಅಡುಗೆಮನೆ ನಡೆಸುತ್ತಿದ್ದರು. ಅಕ್ಕನನ್ನು ಅಲ್ಲಿದ್ದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ತಂಗಿಯನ್ನು ಚಿಕ್ಕಮ್ಮ. ಸಾಮಾನು ತರುವುದು, ಅಂಗಡಿಯವನ ಜೊತೆ ಜಗಳ, ಗ್ಯಾಸಿನವನಿಗೆ ಫೋನು ಎಲ್ಲ ದೊಡ್ಡಮ್ಮನ ಪಾಲು. ಚಿಕ್ಕಮ್ಮ ಒಲೆಯ ಮುಂದೆ. ತಂದದ್ದನ್ನು ಬೇಯಿಸುವುದಷ್ಟೇ ತನ್ನ ಕೆಲಸ, ಅದರ ಬೆಲೆ ಎಷ್ಟೆಂದು ಅವಳು ಒಂದು ದಿನವೂ ಕೇಳಿದವಳಲ್ಲ.

ಆ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ಬೆಳಿಗ್ಗೆ ಎದೆ ಹಿಡಿದುಕೊಂಡಳು, ಮಧ್ಯಾಹ್ನ ಆಸ್ಪತ್ರೆಯವರು ಬಟ್ಟೆಯ ಗಂಟು ಕೈಗೆ ಕೊಟ್ಟರು. ವಸತಿಗೃಹದ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಚಿಕ್ಕಮ್ಮ ಅಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ ಅಕ್ಕಿ ತೊಳೆದಳು. ಮರುದಿನವೂ ತೊಳೆದಳು. ಸಮಾಧಾನ ಹೇಳಲು ಬಂದವರು ಇವಳ ಮುಖ ನೋಡಿ, ಕೊಟ್ಟ ಟೀ ಕುಡಿದು ಹೋದರು. ಅವಳಿಗೆ ದುಃಖ ಮಾತ್ರ ಆಗುತ್ತಿರಲಿಲ್ಲವೆಂದಲ್ಲ. ಏನೂ ಆಗುತ್ತಿರಲಿಲ್ಲ, ಅಷ್ಟೆ. ಕೈಗೆ ಬಿಸಿ ತಗುಲಿದರೂ ಸ್ವಲ್ಪ ಹೊತ್ತು ಬಿಟ್ಟು ಗೊತ್ತಾಗುತ್ತಿತ್ತು.

ಸಾಮಾನು ತರುವ ಕೆಲಸ ಈಗ ಅವಳ ತಲೆಗೆ ಬಿತ್ತು. ಮುಖ್ಯರಸ್ತೆಯ ದೊಡ್ಡ ಅಂಗಡಿಗೆ ಚೀಲ ಹಿಡಿದು ಹೋಗುತ್ತಿದ್ದಳು. ಒಳಗೆ ಕಾಲಿಟ್ಟರೆ ಕಪಾಟುಗಳ ಅಂಚಿನಲ್ಲೆಲ್ಲ ಹಳದಿ ಚೀಟಿ: ಒಂದು ಕೊಂಡರೆ ಒಂದು ಉಚಿತ, ಮೂರಕ್ಕೆ ಎರಡರ ಬೆಲೆ, ಎರಡು ಮೂರು ಸಾಮಾನು ಒಟ್ಟಿಗೆ ಸುತ್ತಿದ ಕಾಂಬೊ. ಯಾವುದು ಬೇಕು, ಎಷ್ಟು ಬೇಕು ಎಂದು ಯೋಚಿಸುವ ಶಕ್ತಿ ಅವಳಲ್ಲಿ ಇರಲಿಲ್ಲ. ಆ ಚೀಟಿಗಳು ಅವಳ ಪರವಾಗಿ ಯೋಚಿಸಿಬಿಟ್ಟಿದ್ದವು. ಹಳದಿ ಕಂಡಲ್ಲಿ ಕೈ ಹಾಕುವುದು, ಅಂಗಡಿಯ ತಳ್ಳುಗಾಡಿಗೆ ತುಂಬುವುದು, ದುಡ್ಡು ಕೊಟ್ಟು ಬರುವುದು. ಅಕ್ಕ ಬದುಕಿದ್ದಾಗ ಹಳದಿ ಚೀಟಿ ಕಂಡರೆ ಸಾಕು ಮೂಗು ಮುರಿಯುತ್ತಿದ್ದಳು. ಪುಕ್ಕಟೆ ಕೊಡೋಕೆ ಅವರೇನು ನಮ್ಮ ಸೋದರಮಾವಂದಿರಾ ಅನ್ನುವುದು ಅವಳ ಮಾತು. ಕಾಂಬೊ ಪ್ಯಾಕೆಟ್ಟನ್ನು ಮುಟ್ಟಿಯೂ ನೋಡುತ್ತಿರಲಿಲ್ಲವಂತೆ. ಚಿಕ್ಕಮ್ಮನಿಗೆ ಅದು ನೆನಪಿಗೆ ಬಂದರೂ ಕೈ ತಡೆಯಲಿಲ್ಲ.

ಅಡುಗೆಮನೆಯ ಖರ್ಚನ್ನು ಅಲ್ಲಿದ್ದವರೆಲ್ಲ ತಿಂಗಳ ಕೊನೆಗೆ ಹಂಚಿಕೊಳ್ಳುವ ಪದ್ಧತಿ. ಹಂಚುವವಳು ಮೇಲಿನ ಕೋಣೆಯ ನರ್ಸು, ದೊಡ್ಡಮ್ಮನಿಗೆ ಬಲು ಬೇಕಾದವಳು. ಎರಡನೇ ತಿಂಗಳಿಗೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎಂದು ಸೆರಗು ತಿರುಚುತ್ತ, ಪಾಲು ಜಾಸ್ತಿ ಬಂದಿದೆ ಎಂದಳು. ಚಿಕ್ಕಮ್ಮ ಹೀರೇಕಾಯಿ ಹೆರೆಯುತ್ತಲೇ, ಎಲ್ಲ ಆಫರಿನಲ್ಲೇ ತಂದದ್ದಲ್ಲವಾ ಎಂದಳು. ನರ್ಸು ಮೂಲೆಯ ಕಡೆ ನೋಡಿದಳು. ಅಲ್ಲಿ ಪಾತ್ರೆ ತೊಳೆಯುವ ದ್ರಾವಣದ ಬಾಟಲಿಗಳು ಮೊಣಕಾಲೆತ್ತರ ನಿಂತಿದ್ದವು. ಒಂದೊಂದರ ಕೊರಳಿಗೂ ಒಂದೊಂದು ಸೋಪಿನ ಬಿಲ್ಲೆ, ಒಂದೊಂದು ನಾರು.

"ಚಿಕ್ಕಮ್ಮ, ಆಫರ್ ಅಂದ್ರೆ ಅಗ್ಗ ಅಂತಲ್ಲ. ಬೆಲೇನ ತೂಕದಿಂದ ಭಾಗಿಸಿ ನೋಡಬೇಕು. ಬಿಡಿಯಾಗಿ ಎಷ್ಟು ಬೀಳತ್ತೆ ಅಂತಲೂ ನೋಡಬೇಕು. ಭಾನುವಾರ ನಾನೂ ಬರ್ತೀನಿ."

ಭಾನುವಾರದವರೆಗೆ ಚಿಕ್ಕಮ್ಮ ಕಾಯಲಿಲ್ಲ. ಅವಮಾನವಾಯಿತು ಅಂತೇನಲ್ಲ, ಆಗಿದ್ದರೆ ಒಳ್ಳೆಯದಿತ್ತು. ಮಧ್ಯಾಹ್ನದ ಹೊತ್ತು ಕೈ ಖಾಲಿ ಕೂತರೆ ಅಕ್ಕನ ಮಂಚ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ಹೊರಟಳು.

ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಮೊದಲ ಸಲ ಚೀಟಿಗಳನ್ನು ಪೂರ್ತಿ ಓದಿದಳು. ಬಟ್ಟೆ ಒಗೆಯುವ ಪುಡಿ, ಒಂದು ಕೆಜಿ ಕೊಂಡರೆ ಇನ್ನೊಂದು ಕೆಜಿ ಉಚಿತ, ಮುನ್ನೂರು. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ನೂರು ಗ್ರಾಮಿಗೆ ಹದಿನೈದು. ಅದೇ ಪುಡಿಯ ನಾಲ್ಕು ಕೆಜಿ ಚೀಲ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಬಗ್ಗಿದರಷ್ಟೇ ಕಾಣುವಂತೆ ಇತ್ತು. ಐನೂರ ಇಪ್ಪತ್ತು. ಅದರ ಮೂಲೆಯಲ್ಲಿ ಬರೆದದ್ದು ಕೆಜಿಗೆ ನೂರ ಮೂವತ್ತು ಎಂದು. ಹದಿನೈದು ಎಲ್ಲಿ, ನೂರ ಮೂವತ್ತು ಎಲ್ಲಿ ಎಂದು ಕಣ್ಣು ಬೇಸ್ತು ಬೀಳುವುದೇ ಅಲ್ಲಿ. ಒಂದು ಕಡೆ ಗ್ರಾಮು, ಒಂದು ಕಡೆ ಕೆಜಿ. ಅವಳು ಬೆರಳು ಮಡಿಸಿದಳು. ನೂರು ಗ್ರಾಮಿಗೆ ಹದಿನೈದಾದರೆ ಕೆಜಿಗೆ ನೂರೈವತ್ತು. ಉಚಿತ ಕೊಟ್ಟ ಮೇಲೂ ದೊಡ್ಡ ಚೀಲಕ್ಕಿಂತ ಕೆಜಿಗೆ ಇಪ್ಪತ್ತು ಹೆಚ್ಚೇ. ಅಕ್ಕ ವರ್ಷಗಟ್ಟಲೆ ಆಟೋದಲ್ಲಿ ಹೇರಿಕೊಂಡು ಬರುತ್ತಿದ್ದದ್ದು ಈ ಚೀಲವನ್ನೇ.

ಪಾತ್ರೆ ತೊಳೆಯುವ ಕಾಂಬೊ ನೂರ ಎಂಬತ್ತೈದು. ಪಕ್ಕದ ಸಾಲಿಗೆ ಹೋಗಿ ಒಂದೊಂದಾಗಿ ನೋಡಿದಳು. ಅದೇ ಅಳತೆಯ ದ್ರಾವಣ ನೂರ ಹತ್ತು, ಸೋಪಿನ ಬಿಲ್ಲೆ ಮೂವತ್ತೈದು, ನಾರು ಇಪ್ಪತ್ತೈದು. ಕೂಡಿದರೆ ನೂರ ಎಪ್ಪತ್ತು. ಮೂರನ್ನೂ ಒಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದಕ್ಕೆ ಹದಿನೈದು ದಂಡ. ಅಕ್ಕ ಹೇಳುತ್ತಿದ್ದದ್ದು ಸರಿಯೇ ಎಂದುಕೊಂಡಳು. ಹಾಗೆಂದುಕೊಂಡಾಗ ನೆಮ್ಮದಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಅಕ್ಕ ಸರಿ ಇರುವುದು ಹೊಸದೇನಲ್ಲ.

ಆಮೇಲೆ ಟೀಪುಡಿಯ ಸಾಲಿಗೆ ಬಂದಳು.

ಅರ್ಧ ಕೆಜಿ ಟೀಪುಡಿ, ಜೊತೆಗೆ ಒಂದು ಕೆಜಿ ಸಕ್ಕರೆ, ಇನ್ನೂರ ಎಪ್ಪತ್ತು. ಅವರು ಯಾವಾಗಲೂ ಕುದಿಸುವ ಅದೇ ಟೀಪುಡಿ. ಬಿಡಿ ಪೊಟ್ಟಣಕ್ಕೆ ಇನ್ನೂರ ಅರವತ್ತು, ಸಕ್ಕರೆಗೆ ನಲವತ್ತೈದು. ಕೂಡಿದಳು. ಮುನ್ನೂರ ಐದು. ಮೂವತ್ತೈದು ಉಳಿಯುತ್ತಿತ್ತು. ಎಲ್ಲೋ ತಪ್ಪಿದೆ ಎಂದು ಮತ್ತೆ ಕೂಡಿದಳು. ಪೊಟ್ಟಣ ತಿರುಗಿಸಿ ತೂಕ ನೋಡಿದಳು, ಅರ್ಧ ಕೆಜಿಯೇ. ಕಾಂಬೊಗೆಂದು ಬೇರೆ ದರ್ಜೆಯ ಪುಡಿ ತುಂಬಿದ್ದಾರೇನೋ ಎಂದು ಬಿಡಿಯದನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ತಾರೀಖು ನೋಡಿದಳು, ಮುಂದಿನ ವರ್ಷದವರೆಗೆ ಇತ್ತು. ಬೇಡದ ವಸ್ತುವೂ ಅಲ್ಲ, ಟೀಪುಡಿ ತಿಂಗಳಿಗೆ ಆರು ಪೊಟ್ಟಣ ಮುಗಿಯುತ್ತದೆ, ಸಕ್ಕರೆ ಅದಕ್ಕಿಂತ ಹೆಚ್ಚು. ಚಿಕ್ಕಮ್ಮ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತಳು. ಮೋಸ ಸಿಕ್ಕಿದ್ದರೆ ಅಕ್ಕನೇ ಸರಿ ಎಂದು ಅಲ್ಲಿಗೆ ಮುಗಿಯುತ್ತಿತ್ತು.

ಕಪಾಟಿನ ಮೇಲ್ವಿಚಾರಕ, ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡವನು, ಪಕ್ಕದಲ್ಲೇ ಬಿಸ್ಕತ್ತು ಜೋಡಿಸುತ್ತಿದ್ದ. ಇದು ಎಷ್ಟು ದಿನದಿಂದ ಇದೆ ಎಂದು ಅವಳು ಕೇಳಿದಳು.

"ಇದಾ ಅಮ್ಮ? ನಾನು ಕೆಲಸಕ್ಕೆ ಸೇರಿದಾಗಿನಿಂದ ಇದೆ. ವರ್ಷಗಳೇ ಆಯ್ತು. ಟೀಪುಡಿ ಕಂಪನಿಯವರೇ ಕೊಡೋದು."

ಅವಳ ಒಳಗೆ ಏನೋ ಸರಕ್ಕನೆ ಎದ್ದಿತು. ವರ್ಷಗಳಿಂದ ಈ ಸಾಲಿನಲ್ಲೇ ಓಡಾಡಿದವಳು ಅಕ್ಕ, ಒಂದು ಸಲ ನಿಂತು ಕೂಡಿ ನೋಡಬಾರದಿತ್ತೇ? ಎಲ್ಲರಿಗೂ ಬುದ್ಧಿ ಹೇಳಿದವಳು. ಅಷ್ಟು ಬಿಗುಮಾನ ಯಾಕೆ ಬೇಕಿತ್ತು? ಎದೆನೋವು ಬಂದಾಗಲೂ ಅಷ್ಟೇ, ಗ್ಯಾಸ್ಟ್ರಿಕ್ಕು ಎಂದು ತಾನೇ ತೀರ್ಮಾನ ಮಾಡಿ ಮಲಗಿದಳು, ಯಾರನ್ನೂ ಕೇಳಲಿಲ್ಲ. ಚಿಕ್ಕಮ್ಮನಿಗೆ ಅಕ್ಕನ ಮೇಲೆ ಮೈ ಉರಿಯುವಷ್ಟು ಸಿಟ್ಟು ಬಂದಿತು. ಎರಡು ತಿಂಗಳಲ್ಲಿ ಅವಳಿಗೆ ಬಂದ ಮೊದಲ ಬಿಸಿ ಅದು. ಮನೆಗೆ ಹೋಗಿ ಬಯ್ಯಬೇಕು ಎಂದುಕೊಂಡಳು. ಬಯ್ಯಲು ಮನೆಯಲ್ಲಿ ಯಾರೂ ಇಲ್ಲ ಎಂದು ನೆನಪಾಗುವಷ್ಟರಲ್ಲಿ ಆ ಬಿಸಿಯೂ ಇಳಿದುಹೋಯಿತು.

ಆರು ಕಾಂಬೊ ಗಾಡಿಗೆ ಹಾಕಿಕೊಂಡಳು. ಬಟ್ಟೆ ಪುಡಿಯ ಸಾಲಿಗೆ ಮರಳಿ, ಕೆಳಗೆ ಬಗ್ಗಿ ದೊಡ್ಡ ಚೀಲವನ್ನೂ ಎಳೆದುಕೊಂಡಳು.

ಬಿಲ್ಲಿನ ಹುಡುಗಿ ಪೊಟ್ಟಣಗಳನ್ನು ಸರಸರನೆ ಕೆಂಪು ಬೆಳಕಿಗೆ ಹಿಡಿದು ದಾಟಿಸಿದಳು. ಚಿಕ್ಕಮ್ಮ ಪರದೆ ನೋಡುತ್ತಿದ್ದಳು. ಟೀಪುಡಿ ಇನ್ನೂರ ಅರವತ್ತು, ಸಕ್ಕರೆ ನಲವತ್ತೈದು, ಮತ್ತೆ ಟೀಪುಡಿ ಇನ್ನೂರ ಅರವತ್ತು.

"ಇದು ಬಿಡಿ ಬೆಲೆ ಅಲ್ವಾ," ಎಂದಳು.

ಸಿಸ್ಟಮ್ಮು ತೋರಿಸಿದ್ದೇ ಬೆಲೆ ಎಂದು ಹುಡುಗಿ ತಲೆ ಎತ್ತದೆ ಹೇಳಿದಳು. ಹಿಂದೆ ನಿಂತವರು ಕಾಲು ಬದಲಾಯಿಸಿದರು. ಅಕ್ಕನಾಗಿದ್ದರೆ ಅಂಗಡಿ ಕಿತ್ತುಹೋಗುವಂತೆ ಕೂಗಾಡುತ್ತಿದ್ದಳು. ಚಿಕ್ಕಮ್ಮನಿಗೆ ಕೂಗಲು ಬರುತ್ತಿರಲಿಲ್ಲ, ಮುಜುಗರಪಡುವಷ್ಟು ಜೀವವೂ ಇರಲಿಲ್ಲ. ಜನ ಏನಂದುಕೊಂಡಾರು ಎಂಬುದು ಅವಳನ್ನು ಮುಟ್ಟಲೇ ಇಲ್ಲ. ದಾರಿ ಬಿಡದೆ ನಿಂತು ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಮತ್ತೊಮ್ಮೆಯೂ ಹೇಳಿದಳು. ಕೊನೆಗೆ ಹುಡುಗಿ ಮೇಲ್ವಿಚಾರಕನನ್ನು ಕರೆಸಿದಳು. ಅವನು ಪೊಟ್ಟಣ ತಿರುಗಿಸಿ ನಕ್ಕ. ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಕಾಂಬೊದ ಬಾರ್‌ಕೋಡ್, ಆ ಕಪ್ಪು ಗೆರೆಗಳ ಚೀಟಿ, ಬೇರೆಯೇ ಇರುತ್ತದೆ, ಅದಕ್ಕೆ ಬೆಳಕು ಹಿಡಿಯಬೇಕು. ಪ್ಲಾಸ್ಟಿಕ್ಕಿನ ಒಳಗಿನಿಂದ ಟೀಪುಡಿಯ ಗೆರೆಯೂ ಸಕ್ಕರೆಯ ಗೆರೆಯೂ ಕಾಣುತ್ತವೆ, ಅವುಗಳಿಗೆ ಹಿಡಿದರೆ ಬಿಡಿ ಬೆಲೆಯೇ ಬೀಳುವುದು. ಎಲ್ಲ ಅಳಿಸಿ ಮತ್ತೆ ಹೊಡೆದರು. ಇನ್ನೂರ ಹತ್ತು ಕಡಿಮೆಯಾಯಿತು.

ಆಗುತ್ತಿರುತ್ತದೆ, ಬಿಲ್ಲು ನೋಡಿಕೊಳ್ಳುವವರು ಕಡಿಮೆ ಎಂದು ಅವನು ಸಮಜಾಯಿಷಿ ಹೇಳಿದ. ಚಿಕ್ಕಮ್ಮ ತಲೆಯಾಡಿಸಿದಳು.

ಸಂಜೆ ಪಾಳಿ ಮುಗಿಸಿ ಬಂದ ನರ್ಸಿಗೆ ಟೀ ಕೊಡುತ್ತ ಎಲ್ಲವನ್ನೂ ಹೇಳಿದಳು. ಪುಡಿಯ ಚೀಲ, ಬೆಳಕಿನ ಗೆರೆ, ಮೂವತ್ತೈದು. ಎರಡು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ನರ್ಸು ಲೋಟ ಕೆಳಗಿಟ್ಟಳು.

"ಹಾಗಾದ್ರೆ ದೊಡ್ಡಮ್ಮ ಇದೊಂದರಲ್ಲಿ ತಪ್ಪಿದ್ರಾ?"

"ತಪ್ಪಲಿಲ್ಲ. ನೋಡೋಕೇ ಹೋಗಲಿಲ್ಲ," ಎಂದಳು ಚಿಕ್ಕಮ್ಮ. "ಅವಳಿಗೆ ಹೇಳಿದ್ರೆ ಒಪ್ತಾನೂ ಇರಲಿಲ್ಲ," ಎಂದಳು. ಹೇಳುವಾಗ ತುಟಿ ಒಂದು ಪಕ್ಕಕ್ಕೆ ಎಳೆದಂತಾಯಿತು. ನಗುವೋ ಅಳುವೋ, ನರ್ಸಿಗೆ ತಿಳಿಯಲಿಲ್ಲ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು, ಚಿಕ್ಕಮ್ಮ ಎದ್ದಳು.

ಮುಂದಿನ ತಿಂಗಳು ಪಾಲು ಇಳಿಯಿತು. ಜಾಸ್ತಿಯಾದಾಗ ಕೇಳಿದಷ್ಟು ಕಮ್ಮಿಯಾದಾಗ ಯಾರು ಕೇಳುತ್ತಾರೆ? ಚಿಕ್ಕಮ್ಮ ಮಧ್ಯಾಹ್ನಗಳಲ್ಲಿ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡಳು. ಬೇಕಾದದ್ದು ಇರಲಿ ಇಲ್ಲದಿರಲಿ, ಸಾಲು ಸಾಲಾಗಿ ಚೀಟಿ ಓದುತ್ತಾಳೆ, ಭಾಗಿಸುತ್ತಾಳೆ, ಕೂಡುತ್ತಾಳೆ. ಆಫರೆಂದರೆ ಎಲ್ಲ ಟೋಪಿಯೂ ಅಲ್ಲ, ಎಲ್ಲ ಲಾಭವೂ ಅಲ್ಲ. ಪ್ರತಿಯೊಂದನ್ನೂ ಹೊಸದಾಗಿ ನೋಡಬೇಕು, ಕಳೆದ ತಿಂಗಳ ಲೆಕ್ಕ ಈ ತಿಂಗಳಿಗೆ ಬರುವುದಿಲ್ಲ. ಅವಳಿಗೆ ಸದ್ಯ ಬೇಕಾಗಿದ್ದದ್ದೂ ಅಂಥ ಕೆಲಸವೇ. ಅಷ್ಟು ಹೊತ್ತು ತಲೆ ಬೇರೆಲ್ಲೂ ಹೋಗುತ್ತಿರಲಿಲ್ಲ.

ಹಾಗೆ ನಿಂತಿದ್ದ ಒಂದು ದಿನ, ವಯಸ್ಸಾದ ಹೆಂಗಸೊಬ್ಬಳು ಒಂದಕ್ಕೊಂದು ಉಚಿತದ ಬ್ರೆಡ್ಡು ಹಿಡಿದುಕೊಂಡು, ಇದು ತಗೊಳ್ಳಬಹುದಾ ಎಂದು ಅವಳನ್ನು ಕೇಳಿದಳು. ಚಿಕ್ಕಮ್ಮ ತೂಕ ನೋಡಿದಳು, ಬೆಲೆ ನೋಡಿದಳು. ದೊಡ್ಡ ಬ್ರೆಡ್ಡಿಗಿಂತಲೂ ಅಗ್ಗವೇ ಬೀಳುತ್ತಿತ್ತು. ತಾರೀಖು ನಾಳೆಗೆ ಮುಗಿಯುತ್ತಿತ್ತು.

"ಮನೇಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ," ಎಂದಳು ಆ ಹೆಂಗಸು.

ಚಿಕ್ಕಮ್ಮ ಅದನ್ನು ಅವಳ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟು, ಹಿಂದಿನ ಸಾಲಿನಿಂದ ಅಂದೇ ಬಂದ ಸಣ್ಣ ಬ್ರೆಡ್ಡೊಂದನ್ನು ಹುಡುಕಿ ಕೊಟ್ಟಳು. ಇಬ್ಬರೂ ಬಿಲ್ಲಿನ ಸಾಲಿನವರೆಗೆ ಜೊತೆಯಲ್ಲೇ ನಡೆದರು.